ಬಿಸಿಬೇಳೆ ಬಾತ್ ಒಂದು ಪ್ಲೇಟಿಗೆ ನಿಜವಾಗಿ ಎಷ್ಟು ಬೀಳುತ್ತದೆ?

ಪ್ರಶ್ನೆ: ಹಾಸನದಲ್ಲಿ ಸಣ್ಣದಾಗಿ ಕೇಟರಿಂಗ್ ಮಾಡುತ್ತೇನೆ. 50 ಜನರ ಕಾರ್ಯಕ್ರಮದಿಂದ 400 ಜನರ ಮದುವೆವರೆಗೂ ಆರ್ಡರ್ ಬರುತ್ತೆ. ಸಾಮಾನಿನ ಲೆಕ್ಕ ಪುಸ್ತಕದಲ್ಲಿ ಬರೆದು ಬರೆದು ಸಾಕಾಗಿದೆ. ರೇಟ್ ವಾರ ವಾರ ಬದಲಾಗುತ್ತೆ, ಪ್ಲೇಟಿಗೆ ಎಷ್ಟು ಹೇಳಬೇಕು ಅಂತ ಗೊತ್ತಾಗಲ್ಲ. ಜನ ಎಷ್ಟು ಅಂತ ಹಾಕಿದರೆ ಸಾಮಾನೂ ಬರಬೇಕು, ಪ್ಲೇಟಿನ ಖರ್ಚೂ ಬರಬೇಕು. ಅಂಥ ಶೀಟ್ ಮಾಡೋದು ಹೇಗೆ?

ಉತ್ತರ: ಒಂದೇ ಅಡುಗೆ ಹಿಡಿದು ಪೂರ್ತಿ ಮಾಡಿ ತೋರಿಸುತ್ತೇನೆ. ಅದು ಕೈಗೆ ಹತ್ತಿದರೆ ಉಳಿದದ್ದಕ್ಕೆ ಅದನ್ನೇ ನಕಲು ಮಾಡಿಕೊಂಡು ಹೋಗಬಹುದು. ಬಿಸಿಬೇಳೆ ಬಾತ್ ತೆಗೆದುಕೊಳ್ಳೋಣ. ಅದರಲ್ಲಿ ದಿನಸಿ, ತರಕಾರಿ, ಎಣ್ಣೆ, ತುಪ್ಪ, ಮನೆಯಲ್ಲೇ ಕುಟ್ಟಿಸಿದ ಪುಡಿ, ಎಲ್ಲವೂ ಇದೆ. ಲೆಕ್ಕ ತಪ್ಪುವ ಜಾಗಗಳೂ ಎಲ್ಲ ಇವೆ.

ಮೊದಲು ಅಡಿಪಾಯ. ಮನೆಯಲ್ಲಿ 4 ಜನಕ್ಕೆ ಮಾಡುವ ಅಳತೆಯನ್ನು 100ರಿಂದ ಗುಣಿಸಬೇಡಿ. ಒಂದು ಲೋಟ, ಎರಡು ಚಮಚ ಅನ್ನುವ ಅಳತೆಯಲ್ಲಿ ಇರುವ ಸಣ್ಣ ತಪ್ಪೂ 100 ಪಟ್ಟು ಆಗುತ್ತದೆ. ನಿಮ್ಮ ಭಟ್ಟರು 5 ಕೆಜಿ ಅಕ್ಕಿಯಲ್ಲಿ ಒಂದು ಸಲ ಮಾಡುವಾಗ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಕೂತುಬಿಡಿ. ಅವರು ಕೈ ಅಂದಾಜಿನಲ್ಲಿ ಹಾಕುವವರೇ ಆಗಿರುತ್ತಾರೆ, ತಡೆಯಬೇಡಿ. ಪುಡಿಯ ಡಬ್ಬ, ಎಣ್ಣೆ ಪಾತ್ರೆ, ಹುಣಸೆಹಣ್ಣು, ಎಲ್ಲವನ್ನೂ ಅಡುಗೆಗೆ ಮುಂಚೆ ತೂಗಿ, ಆಮೇಲೆ ತೂಗಿ. ಕಮ್ಮಿಯಾದದ್ದೇ ಅವರು ಹಾಕಿದ್ದು. ಕೊನೆಗೆ ಆದ ಬಾತನ್ನೂ ತೂಗಿ. ಈ ಒಂದು ತೂಕ ಇಲ್ಲದಿದ್ದರೆ ಶೀಟ್ ಎಷ್ಟು ಚೆನ್ನಾಗಿದ್ದರೂ ಪ್ಲೇಟಿನ ಖರ್ಚು ಸುಮ್ನೆ ಅಂದಾಜು ಅಷ್ಟೇ.

ನಾನು ಇಲ್ಲಿ ಇಟ್ಟುಕೊಳ್ಳುವ ಅಳತೆ ಇದು: ಅಕ್ಕಿ 5 ಕೆಜಿ, ತೊಗರಿಬೇಳೆ 2.5, ಬೀನ್ಸ್ 1.5, ಕ್ಯಾರೆಟ್, ಬಿಡಿಸಿದ ಬಟಾಣಿ, ಟೊಮೆಟೊ ತಲಾ 1, ಎಣ್ಣೆ 0.6, ತುಪ್ಪ 0.4, ಬಾತ್ ಪುಡಿ 0.5, ಹುಣಸೆಹಣ್ಣು 0.3, ಬೆಲ್ಲ 0.2, ಗೋಡಂಬಿ 0.2. ಉಪ್ಪು, ಇಂಗು, ಸಾಸಿವೆ, ಕರಿಬೇವು ಎಲ್ಲ ಸೇರಿಸಿ ‘ಚಿಲ್ಲರೆ’ ಅಂತ ಒಂದೇ ಸಾಲು. ನೀರು ಸುಮಾರು 25 ಲೀಟರ್. ಬಡಿಸಲು ಸಿಗುವ ಬಾತ್ 36 ಕೆಜಿ. ಒಳಗೆ ಹೋದದ್ದನ್ನು ಕೂಡಿದರೆ 39 ಕೆಜಿ ಆಗುತ್ತದೆ. ಆವಿಯಾಗಿ, ತಳ ಹಿಡಿದು 3 ಕೆಜಿ ಹೋಗಿದೆ. ಈ ಕೂಡುವ ಲೆಕ್ಕ ಒಮ್ಮೆ ಮಾಡಿ ನೋಡಿ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತುಂಬಾ ಅಂತರ ಇದ್ದರೆ ಎಲ್ಲೋ 2.5 ಬದಲು 0.25 ಬರೆದಿದ್ದೀರಿ ಅಥವಾ ಒಂದು ಸಾಲು ಬಿಟ್ಟಿದ್ದೀರಿ ಅಂತ ಅರ್ಥ. ಎಲ್ಲವನ್ನೂ ಕೆಜಿಯಲ್ಲೇ ಬರೆಯಿರಿ. ಗ್ರಾಂ ಒಂದು ಕಡೆ, ಲೀಟರ್ ಇನ್ನೊಂದು ಕಡೆ ಬೇಡ.

ಈಗ ಶೀಟ್. ಗೂಗಲ್ ಶೀಟ್ಸ್ ಆಗಲಿ ಎಕ್ಸೆಲ್ ಆಗಲಿ, ಮೂರು ಹಾಳೆ ಸಾಕು. ಹೆಸರುಗಳು `Dara`, `Recipe`, `Order`.

`Dara` ಹಾಳೆಯಲ್ಲಿ ಮಾತ್ರ ದರ ಇರಬೇಕು. ಬೇರೆ ಎಲ್ಲೂ ಒಂದು ರೂಪಾಯಿಯೂ ಕೈಯಿಂದ ಬರೆಯಬಾರದು. A ಕಾಲಂನಲ್ಲಿ ಸಾಮಾನಿನ ಹೆಸರು, B ಯಲ್ಲಿ ಕೊಂಡ ಮೂಟೆ ಅಥವಾ ಟಿನ್ನಿನ ತೂಕ, C ಯಲ್ಲಿ ಕೊಟ್ಟ ದುಡ್ಡು, D ಯಲ್ಲಿ ಬಳಕೆಗೆ ಸಿಗುವ ಪಾಲು, E ಯಲ್ಲಿ ಬಳಸುವ ಒಂದು ಕೆಜಿಗೆ ಬೀಳುವ ದರ, F ನಲ್ಲಿ ದರ ಬರೆದ ತಾರೀಕು. E ಗೆ ಸೂತ್ರ ಹೀಗೆ:

```
=C2/B2/D2
```

D ಕಾಲಂ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಾನು ಶುರುವಿನಲ್ಲಿ ದುಡ್ಡು ಕಳೆದುಕೊಂಡದ್ದು ಇಲ್ಲೇ. ಹಸಿ ಬಟಾಣಿ ಮಂಡಿಯಲ್ಲಿ ಕೆಜಿಗೆ 60 ರೂಪಾಯಿ ಅಂತ ಬರೆದುಕೊಂಡು ಬಂದು, ಅದೇ 60ಕ್ಕೆ ಲೆಕ್ಕ ಹಾಕುತ್ತಿದ್ದೆ. ಆದರೆ ಸಿಪ್ಪೆ ಬಿಡಿಸಿದರೆ ಒಂದು ಕೆಜಿಯಲ್ಲಿ ಕಾಳು ಸಿಗುವುದು ಸುಮಾರು 400 ಗ್ರಾಂ. ಅಂದರೆ ಪಾತ್ರೆಗೆ ಬೀಳುವ ಬಟಾಣಿಯ ದರ 60 ಅಲ್ಲ, 150. ಬೀನ್ಸ್‌ನಲ್ಲಿ ತುದಿ ನಾರು ಹೋಗಿ 0.9 ಉಳಿಯುತ್ತದೆ. ಕ್ಯಾರೆಟ್ ಹೆರೆದು ತುದಿ ಕತ್ತರಿಸಿದ ಮೇಲೆ 0.8. ಟೊಮೆಟೊ ಕ್ರೇಟಿನಲ್ಲಿ ಕೊಳೆತದ್ದು ಆರಿಸಿ ಹಾಕಿದರೆ 0.9. ಅಕ್ಕಿ, ಬೇಳೆ, ತುಪ್ಪಕ್ಕೆ 1 ಅಂತಲೇ ಬರೆಯಿರಿ. ಈ ಅಂಕಿಗಳು ನನ್ನ ಅಡುಗೆಮನೆಯವು. ನಿಮ್ಮಲ್ಲಿ ಹೆಚ್ಚುವವರ ಕೈ ಬೇರೆ, ಬರುವ ಮಾಲು ಬೇರೆ. ಒಂದೊಂದು ತರಕಾರಿಯನ್ನು ಎರಡು ಮೂರು ಸಲ ಹೆಚ್ಚುವ ಮುಂಚೆ, ಹೆಚ್ಚಿದ ಮೇಲೆ ತೂಗಿ ನಿಮ್ಮದೇ ಅಂಕಿ ಹಾಕಿಕೊಳ್ಳಿ.

ಎಣ್ಣೆ ಟಿನ್ನಿನಲ್ಲೂ ಒಂದು ಗೊಂದಲ ಇದೆ. ಅಂಗಡಿಯಲ್ಲಿ 15 ಕೆಜಿ ಟಿನ್ನೂ ಸಿಗುತ್ತದೆ, 15 ಲೀಟರ್ ಟಿನ್ನೂ ಸಿಗುತ್ತದೆ. ನೋಡಲು ಎರಡೂ ಒಂದೇ ಥರ. ಲೀಟರಿಗೆ 910 ಗ್ರಾಂ ಲೆಕ್ಕದಲ್ಲಿ 15 ಲೀಟರ್ ಟಿನ್ನಿನಲ್ಲಿ ಇರುವುದು 13.65 ಕೆಜಿ ಮಾತ್ರ. ಕೆಜಿ ಟಿನ್ 2,100, ಲೀಟರ್ ಟಿನ್ 2,000 ಅಂತ ಇಟ್ಟುಕೊಳ್ಳಿ. 100 ರೂಪಾಯಿ ಉಳಿಯಿತು ಅನ್ನಿಸುತ್ತದೆ, ಅಲ್ವಾ? B ಕಾಲಂನಲ್ಲಿ ಸರಿಯಾದ ತೂಕ ಹಾಕಿ ನೋಡಿ. ಮೊದಲನೆಯದು ಕೆಜಿಗೆ 140, ಎರಡನೆಯದು 146 ದಾಟುತ್ತದೆ. ಟಿನ್ನಿನ ಮೇಲೆ ನಿವ್ವಳ ತೂಕ ಅಚ್ಚಾಗಿರುತ್ತದೆ, ಅದನ್ನು ಓದಿಯೇ ಬರೆಯಿರಿ.

ಬಾತ್ ಪುಡಿ ನೀವೇ ಮಾಡಿಸುವುದಾದರೆ ಅದಕ್ಕೂ `Recipe` ಥರದ್ದೇ ಒಂದು ಸಣ್ಣ ಹಾಳೆ ಬೇರೆ ಹೆಸರಿನಲ್ಲಿ ಮಾಡಿ. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಚಕ್ಕೆ, ಕೊಬ್ಬರಿ ಎಲ್ಲದರ ಖರ್ಚನ್ನು, ಹುರಿದು ಪುಡಿಯಾದ ಮೇಲಿನ ತೂಕದಿಂದ ಭಾಗಿಸಿ. ಹುರಿಯುವಾಗ ತೂಕ ಕಮ್ಮಿಯಾಗುತ್ತದೆ, ಮಿಲ್ಲಿನಲ್ಲೂ ಸ್ವಲ್ಪ ಹೋಗುತ್ತದೆ. ಆ ದರ `Dara` ಹಾಳೆಗೆ ತಾನಾಗಿ ಬರುವಂತೆ ಕೊಂಡಿ ಹಾಕಿ. ಮಿಲ್ಲಿನ ಕೂಲಿ ಸೇರಿಸುವುದು ಮರೆಯಬೇಡಿ.

`Order` ಹಾಳೆಯಲ್ಲಿ ನಾಲ್ಕೇ ಅಂಕಿ. B1 ರಲ್ಲಿ ಜನ, B2 ರಲ್ಲಿ ಒಬ್ಬರಿಗೆ ಎಷ್ಟು ಕೆಜಿ, B3 ರಲ್ಲಿ ಮೂಲ ಅಳತೆಯಲ್ಲಿ ಆಗುವ ಬಾತ್, ಅಂದರೆ 36. B4 ರಲ್ಲಿ ಎಷ್ಟು ಪಟ್ಟು ಮಾಡಬೇಕು ಅನ್ನುವುದು:

```
=B1*B2/B3
```

ಬೆಳಗಿನ ತಿಂಡಿಗೆ 360 ಜನ, ಒಬ್ಬರಿಗೆ 300 ಗ್ರಾಂ ಅಂದರೆ 108 ಕೆಜಿ ಬಾತ್ ಬೇಕು. 36ರಿಂದ ಭಾಗಿಸಿದರೆ 3 ಪಟ್ಟು. ಅಕ್ಕಿ 15 ಕೆಜಿ, ಬೇಳೆ 7.5 ಕೆಜಿ. ಜನರನ್ನು ತೂಕಕ್ಕೆ ತಂದು ಆಮೇಲೆ ಪಟ್ಟು ತೆಗೆಯುವುದು ಮುಖ್ಯ. ‘100 ಜನರ ರೆಸಿಪಿ’ ಅಂತ ಇಟ್ಟುಕೊಂಡರೆ, ಕೇಸರಿಬಾತು ಇಡ್ಲಿ ಜೊತೆ ಬಡಿಸುವಾಗಲೂ, ಬಾತ್ ಒಂದೇ ಬಡಿಸುವಾಗಲೂ ಅದೇ ಅಳತೆ ಬಂದುಬಿಡುತ್ತದೆ.

`Recipe` ಹಾಳೆಯಲ್ಲಿ A ಹೆಸರು, B ಮೂಲ ಅಳತೆ, C ತಿದ್ದುಪಡಿ, D ಈ ಆರ್ಡರಿಗೆ ಬೇಕಾದ್ದು, E ದರ, F ಖರ್ಚು, G ಮಂಡಿಯಿಂದ ತರಬೇಕಾದ್ದು. D, E, F, G ಗೆ ಕ್ರಮವಾಗಿ:

```
=B2*Order!$B$4*C2
=VLOOKUP(A2,Dara!$A$2:$E$200,5,FALSE)
=D2*E2
=D2/VLOOKUP(A2,Dara!$A$2:$E$200,4,FALSE)
```

ಪ್ಲೇಟಿನ ಖರ್ಚಿಗೆ:

```
=SUM(F2:F40)/Order!$B$1
```

ಕೊನೆಯಲ್ಲಿರುವ `FALSE` ಬಿಡಬೇಡಿ. ಅದಿಲ್ಲದಿದ್ದರೆ ಹೆಸರು ಸರಿಯಾಗಿ ಹೊಂದದಿದ್ದಾಗ ಹತ್ತಿರದ ಯಾವುದೋ ಸಾಮಾನಿನ ದರ ಸದ್ದಿಲ್ಲದೆ ಬಂದು ಕೂರುತ್ತದೆ. `FALSE` ಇದ್ದರೆ `#N/A` ತೋರಿಸುತ್ತದೆ. ಅದು ಕಾಣಿಸಿದರೆ ಒಳ್ಳೆಯದೇ. ಕೆಲವರು ಅದು ಚೆನ್ನಾಗಿ ಕಾಣಲ್ಲ ಅಂತ `IFERROR` ಹಾಕಿ ಸೊನ್ನೆ ಬರುವಂತೆ ಮಾಡುತ್ತಾರೆ. ಆಗ ಗೋಡಂಬಿ ಬಿಟ್ಟಿ ಅಂತ ಲೆಕ್ಕವಾಗಿ ಪ್ಲೇಟಿನ ಖರ್ಚು ಇಳಿದುಬಿಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇನ್ನೊಂದು ತೊಂದರೆ ಇದೆ. ‘ಬೀನ್ಸ್’ ಅಂತ ಫೋನಿನಲ್ಲಿ ಟೈಪ್ ಮಾಡಿದ್ದೂ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದೂ ಕಣ್ಣಿಗೆ ಒಂದೇ. ಆದರೆ ಕೆಲವು ಕೀಲಿಮಣೆಗಳು ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತವೆ. ಶೀಟಿಗೆ ಅದು ಬೇರೆ ಪದ. ನೀವು ಹತ್ತು ಸಲ ನೋಡಿದರೂ ತಪ್ಪು ಕಾಣುವುದಿಲ್ಲ. ಹಾಗಾಗಿ `Recipe` ಹಾಳೆಯಲ್ಲಿ ಹೆಸರು ಟೈಪ್ ಮಾಡಲೇಬೇಡಿ. ಡೇಟಾ ವ್ಯಾಲಿಡೇಶನ್‌ನಲ್ಲಿ `Dara` ಹಾಳೆಯ A ಕಾಲಂ ತೋರಿಸಿ, ಪಟ್ಟಿಯಿಂದಲೇ ಆರಿಸಿಕೊಳ್ಳಿ. ಹುರುಳಿಕಾಯಿ, ಬೀನ್ಸ್ ಅಂತ ಒಂದೇ ತರಕಾರಿಗೆ ಎರಡು ಸಾಲು ಆಗುವುದೂ ಆಗ ನಿಲ್ಲುತ್ತದೆ.

`Recipe` ಹಾಳೆಯ C ಕಾಲಂ ಯಾಕೆ ಅಂದರೆ, ಎಲ್ಲ ಸಾಮಾನೂ ಒಂದೇ ಲೆಕ್ಕದಲ್ಲಿ ಏರುವುದಿಲ್ಲ. ಅಕ್ಕಿ, ಬೇಳೆ, ತರಕಾರಿ, ತುಪ್ಪ 3 ಪಟ್ಟು ಅಂದರೆ 3 ಪಟ್ಟೇ. ಅಲ್ಲಿ 1 ಬರೆಯಿರಿ. ಒಗ್ಗರಣೆ ಎಣ್ಣೆ ಹಾಗಲ್ಲ. ಪಾತ್ರೆಯ ತಳ ಅಡುಗೆಯಷ್ಟು ಬೇಗ ದೊಡ್ಡದಾಗುವುದಿಲ್ಲ, ಆದ್ದರಿಂದ ಎಣ್ಣೆ ಕಮ್ಮಿ ಸಾಕು. ನೀರೂ ಹಾಗೇ. ದೊಡ್ಡ ಕೊಪ್ಪರಿಗೆಯಲ್ಲಿ ಬಾಯಿಯ ಅಗಲಕ್ಕೆ ಹೋಲಿಸಿದರೆ ಅಡುಗೆ ಜಾಸ್ತಿ ಇರುತ್ತದೆ, ಕೆಜಿಗೆ ಆವಿಯಾಗುವುದು ಕಮ್ಮಿ. ನಾನು 3 ಪಟ್ಟಿಗೆ ಎಣ್ಣೆಗೆ 0.85, ಪುಡಿಗೆ 0.9 ಇಟ್ಟು ಶುರುಮಾಡುತ್ತೇನೆ. ಉಳಿದ ಪುಡಿಯನ್ನು ಪಕ್ಕದಲ್ಲೇ ಇಟ್ಟಿರುತ್ತೇವೆ. ಭಟ್ಟರು ರುಚಿ ನೋಡಿ ಬೇಕೆಂದರೆ ಹಾಕುತ್ತಾರೆ. ಹಾಕಿದರೆ ಆ ಅಂಕಿಯನ್ನು ಶೀಟಿನಲ್ಲಿ ತಿದ್ದುತ್ತೇನೆ. ಸಣ್ಣ ಆರ್ಡರಿನಲ್ಲಿ ಈ ಕಾಲಂ ಪೂರ್ತಿ 1 ಇರಲಿ. 50 ಜನಕ್ಕೆ 0.85 ಹಾಕಿದರೆ ಒಗ್ಗರಣೆ ಒಣಗುತ್ತದೆ.

ಈಗ ದುಡ್ಡಿನ ಲೆಕ್ಕ. ದರಗಳು ಸುಮ್ನೆ ಲೆಕ್ಕ ತೋರಿಸಲು ನಾನು ಹಾಕಿಕೊಂಡವು. ಅಕ್ಕಿ 56, ತೊಗರಿಬೇಳೆ 130, ತುಪ್ಪ 600, ಪುಡಿ 500, ಗೋಡಂಬಿ 900, ಟೊಮೆಟೊ 36. ಉಳಿದದ್ದೂ ಸೇರಿ ಮೂಲ ಅಳತೆಗೆ 1,800 ರೂಪಾಯಿ ಬರುತ್ತದೆ ಅಂತ ಇಟ್ಟುಕೊಳ್ಳಿ. 36 ಕೆಜಿಯಲ್ಲಿ 300 ಗ್ರಾಂನ 120 ಪ್ಲೇಟ್. ಪ್ಲೇಟಿಗೆ ಸರಿಯಾಗಿ 15 ರೂಪಾಯಿ. 360 ಜನಕ್ಕೆ ಎಣ್ಣೆ, ಪುಡಿಯ ತಿದ್ದುಪಡಿ ಸೇರಿದರೆ 14 ರೂಪಾಯಿ 69 ಪೈಸೆಗೆ ಇಳಿಯುತ್ತದೆ. ತಿದ್ದುಪಡಿಯಿಂದ ಉಳಿಯುವುದು ಪ್ಲೇಟಿಗೆ 31 ಪೈಸೆ. ಅದು ರುಚಿಗಾಗಿ ಮಾಡುವ ಕೆಲಸ, ಲಾಭಕ್ಕಾಗಿ ಅಲ್ಲ.

ಈ 1,800ರಲ್ಲಿ ಬೇಳೆ, ಅಕ್ಕಿ, ಪುಡಿ, ತುಪ್ಪ, ಗೋಡಂಬಿ ಐದೇ ಸೇರಿ 1,275 ರೂಪಾಯಿ. ಹತ್ತರಲ್ಲಿ ಏಳು ಪಾಲು ಅಲ್ಲೇ ಇದೆ. ವಾರ ವಾರ ಎಲ್ಲ ದರ ತಿದ್ದಲು ಆಗದಿದ್ದರೆ ಈ ಐದನ್ನು ಬಿಡದೆ ತಿದ್ದಿ. `Recipe` ಹಾಳೆಯ F ಕಾಲಂ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದರೆ ಪ್ರತಿ ಅಡುಗೆಗೂ ಇಂಥ ಐದಾರು ಸಾಮಾನು ಮೇಲೆ ಬರುತ್ತವೆ.

ದರ ಏರಿದಾಗ ಏನಾಗುತ್ತದೆ ನೋಡಿ. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ದಾಟಿದ್ದು ನಿಮಗೂ ನೆನಪಿರಬಹುದು. ನಮ್ಮ ಶೀಟಿನಲ್ಲಿ ಟೊಮೆಟೊ 36ರಿಂದ 120ಕ್ಕೆ ಏರಿಸಿದರೆ ಬಿಸಿಬೇಳೆ ಬಾತಿನ ಪ್ಲೇಟಿಗೆ ಜಾಸ್ತಿಯಾಗುವುದು 78 ಪೈಸೆ. ತೊಗರಿಬೇಳೆ 130ರಿಂದ 180 ಆದರೆ 1 ರೂಪಾಯಿ 4 ಪೈಸೆ. ಟೊಮೆಟೊ ಮೂರು ಪಟ್ಟು ದಾಟಿದ್ದಕ್ಕಿಂತ ಬೇಳೆ ಒಂದೂವರೆ ಪಟ್ಟೂ ಆಗದ್ದೇ ಜಾಸ್ತಿ ಹೊಡೆತ. ಟೊಮೆಟೊ ಗೊಜ್ಜು, ಟೊಮೆಟೊ ಬಾತ್ ಇದ್ದ ಮೆನುವಿನಲ್ಲಿ ಲೆಕ್ಕ ಉಲ್ಟಾ ಆಗುತ್ತದೆ. ಪೇಪರಿನಲ್ಲಿ ಬಂದ ಬೆಲೆ ನೋಡಿ ಇಡೀ ಮೆನುವಿಗೆ ರೇಟ್ ಏರಿಸುವ ಬದಲು, ಯಾವ ಅಡುಗೆಗೆ ಎಷ್ಟು ಅಂತ ಶೀಟ್‌ನಲ್ಲೇ ನೋಡಿಕೊಳ್ಳಬಹುದು.

ಆದರೆ ಇವೆರಡನ್ನೂ ಕೂಡಿದರೂ 1 ರೂಪಾಯಿ 82 ಪೈಸೆ. ಈಗ ದರ ಯಾವುದನ್ನೂ ಮುಟ್ಟದೆ `Order` ಹಾಳೆಯ B2 ರಲ್ಲಿ 0.3 ಬದಲು 0.36 ಹಾಕಿ. ಮೂಲ ಅಳತೆಯಲ್ಲಿ 120 ಪ್ಲೇಟ್ ಬದಲು 100 ಆಗುತ್ತದೆ, ಪ್ಲೇಟಿನ ಖರ್ಚು 15ರಿಂದ 18. ಬರೀ 60 ಗ್ರಾಂ ಜಾಸ್ತಿ ಬಡಿಸಿದ್ದಕ್ಕೆ 3 ರೂಪಾಯಿ. ನಾನು ಇಷ್ಟು ವರ್ಷ ಮಾಡಿ ಕಲಿತದ್ದು ಇದೇ: ದರದ ಹಾಳೆಗಿಂತ ಸೌಟೇ ಲೆಕ್ಕವನ್ನು ಜಾಸ್ತಿ ಕೆಡಿಸುತ್ತದೆ.

ಒಂದು ನಾಮಕರಣದಲ್ಲಿ 300 ಗ್ರಾಂ ಲೆಕ್ಕಕ್ಕೆ ಮಾಡಿಕೊಂಡು ಹೋಗಿದ್ದೆವು. ಕೊನೆಯ ಪಂಕ್ತಿಗೆ ಬಾತ್ ಸಾಲಲಿಲ್ಲ. ಜನ ಹೇಳಿದಷ್ಟೇ ಬಂದಿದ್ದರು, ಎಲೆ ಎಣಿಸಿದ್ದೆ. ವಾಪಸ್ ಬಂದು ಸೌಟು ತಕ್ಕಡಿಗೆ ಇಟ್ಟೆ. ಮಟ್ಟವಾಗಿ ತುಂಬಿದರೆ 180 ಗ್ರಾಂ, ಗೋಪುರದ ಹಾಗೆ ತುಂಬಿದರೆ 240. ಮಟ್ಟವಾಗಿ ಎರಡು ಸಲ ಬಡಿಸಿದರೂ 360. ಬಡಿಸುವ ಹುಡುಗರ ತಪ್ಪೇನೂ ಇರಲಿಲ್ಲ. ನಾನೇ ಅವರ ಕೈಗೆ ಲೆಕ್ಕಕ್ಕೆ ಹೊಂದದ ಸೌಟು ಕೊಟ್ಟಿದ್ದೆ. ಈಗ ಬಾತಿಗೆ 150 ಗ್ರಾಂನ ಸೌಟು ಬೇರೆ ಇಟ್ಟಿದ್ದೇವೆ. ಎರಡು ಸಲ ಬಡಿಸಿದರೆ 300. ಮೂರನೇ ಸಲ ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ. ಒಂದೇ ಸಲ ಸಾಕು ಅನ್ನುವವರೂ ಇರುತ್ತಾರೆ, ಅಲ್ಲಿಗೆ ಸರಿಹೋಗುತ್ತದೆ.

ಇನ್ನು ಕೊಟೇಶನ್. ನೀವು ಇವತ್ತು ರೇಟ್ ಹೇಳುತ್ತೀರಿ, ಮದುವೆ ನಾಲ್ಕು ತಿಂಗಳ ಮೇಲೆ. `Dara` ಹಾಳೆ ತಿದ್ದಿದ ತಕ್ಷಣ ಹಳೆಯ ಆರ್ಡರಿನ ಖರ್ಚೂ ಬದಲಾಗುತ್ತದೆ. ಆಗ ಯಾವ ದರಕ್ಕೆ ಒಪ್ಪಿಕೊಂಡಿರಿ ಅನ್ನುವುದೇ ಅಳಿಸಿಹೋಗುತ್ತದೆ. ಅದಕ್ಕೆ ರೇಟ್ ಹೇಳಿದ ದಿನ `Recipe` ಹಾಳೆಯ E ಕಾಲಂ ಪೂರ್ತಿ ನಕಲು ಮಾಡಿ, H ಕಾಲಂನಲ್ಲಿ `Ctrl+Shift+V` ಒತ್ತಿ ಅಂಟಿಸಿ. ಸೂತ್ರ ಬರುವುದಿಲ್ಲ, ಆ ದಿನದ ಅಂಕಿ ಮಾತ್ರ ಕೂರುತ್ತದೆ. ಪಕ್ಕದ I ಕಾಲಂನಲ್ಲಿ ವ್ಯತ್ಯಾಸ:

```
=(E2-H2)*D2
```

ಇದನ್ನು ಕೂಡಿ ಜನರಿಂದ ಭಾಗಿಸಿದರೆ, ಒಪ್ಪಿಕೊಂಡ ದಿನದಿಂದ ಇವತ್ತಿಗೆ ಪ್ಲೇಟಿಗೆ ಎಷ್ಟು ಏರಿದೆ ಅಂತ ಕಾಣುತ್ತದೆ. ತರಕಾರಿಗೆ ಮಾತ್ರ ಇವತ್ತಿನ ದರ ನಂಬಿ ಕೊಟೇಶನ್ ಕೊಡಬೇಡಿ. ಹೋದ ವರ್ಷ ಅದೇ ತಿಂಗಳಲ್ಲಿ ನೀವೇ ಕೊಂಡ ಬಿಲ್ಲು ತೆಗೆದು ನೋಡಿ, ಆ ದರಕ್ಕೆ ಲೆಕ್ಕ ಹಾಕಿ. ಬೇಳೆ, ಎಣ್ಣೆ, ತುಪ್ಪ ಇಂತಿಷ್ಟಕ್ಕಿಂತ ಏರಿದರೆ ರೇಟ್ ಮತ್ತೆ ಮಾತಾಡೋಣ ಅಂತ ಕೊಟೇಶನ್ ಕಾಗದದಲ್ಲೇ ಒಂದು ಸಾಲು ಬರೆದು, ಓದಿ ಹೇಳಿ. ಮುಂಚೆಯೇ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಗ್ಯಾಸ್, ಕೂಲಿ, ಗಾಡಿ ಬಾಡಿಗೆ, ಬಾಳೆ ಎಲೆಯನ್ನು ಅಡುಗೆಯ ಹಾಳೆಗೆ ತರಬೇಡಿ. ಅವು ಇಡೀ ಕಾರ್ಯಕ್ರಮದ ಖರ್ಚು, `Order` ಹಾಳೆಯ ಕೆಳಗೆ ಬರೆಯಿರಿ. 19 ಕೆಜಿಯ ಕಮರ್ಶಿಯಲ್ ಸಿಲಿಂಡರ್ ದರ ಸಾಮಾನ್ಯವಾಗಿ ತಿಂಗಳ 1ನೇ ತಾರೀಕು ಬದಲಾಗುತ್ತದೆ, ಅವತ್ತೇ ತಿದ್ದುವ ಅಭ್ಯಾಸ ಇಟ್ಟುಕೊಳ್ಳಿ. ನೀವು 5% ಜಿಎಸ್‌ಟಿ ಹಾಕುವವರಾದರೆ ಸಾಮಾನಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ. ಹಾಗಾಗಿ `Dara` ಹಾಳೆಯಲ್ಲಿ ತೆರಿಗೆ ಸೇರಿದ ಪೂರ್ತಿ ಬಿಲ್ಲಿನ ಮೊತ್ತವನ್ನೇ ಬರೆಯಿರಿ. ಇನ್ನು ಕೊಂಡದ್ದರಲ್ಲಿ ಉಳಿದ ತುಪ್ಪ ಮುಂದಿನ ಆರ್ಡರಿಗೆ ಬರುತ್ತದೆ, ಬಳಸಿದಷ್ಟೇ ಖರ್ಚು. ಉಳಿದ ಕೊತ್ತಂಬರಿ ಸೊಪ್ಪು ಬರುವುದಿಲ್ಲ, ಕೊಂಡಷ್ಟೂ ಖರ್ಚು.

ಒಬ್ಬರಿಗೆ 300 ಅಂತ ನಾನು ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ, ನಿಮ್ಮದೇ ಅಂಕಿ ತೆಗೆಯಿರಿ. ಅದಕ್ಕೆ ಒಂದು ಸುಲಭದ ದಾರಿ ಇದೆ. ನಿಮ್ಮ ಪ್ರತಿ ಕೊಪ್ಪರಿಗೆಯ ಖಾಲಿ ತೂಕವನ್ನು ಒಂದು ಸಲ ತೂಗಿ, ಕಿವಿಯ ಹತ್ತಿರ ಹೊರಗಡೆ ಪೇಂಟಿನಲ್ಲಿ ಬರೆಸಿಬಿಡಿ. ಬಡಿಸಲು ಹೋಗುವ ಮುಂಚೆ ಕೊಪ್ಪರಿಗೆ ಸಮೇತ ತೂಗಿ. ಎಲ್ಲ ಪಂಕ್ತಿ ಎದ್ದ ಮೇಲೆ ಉಳಿದದ್ದನ್ನು ಹಾಗೇ ತೂಗಿ. ಖರ್ಚಾದ ಕೆಜಿಯನ್ನು ಎದ್ದ ಎಲೆಗಳಿಂದ ಭಾಗಿಸಿದರೆ ಆ ದಿನದ ನಿಜವಾದ ಅಂಕಿ ಸಿಗುತ್ತದೆ. ತಿಂಡಿಗೆ ಒಂದು, ಮಧ್ಯಾಹ್ನದ ಊಟಕ್ಕೆ ಒಂದು, ರಾತ್ರಿಗೆ ಒಂದು ಅಂತ ಬೇರೆ ಬೇರೆ ಬರೆದಿಡಿ. ನಾಲ್ಕೈದು ಕಾರ್ಯಕ್ರಮದ ಅಂಕಿ ಸೇರಿದ ಮೇಲೆ ಅವುಗಳ ಸರಾಸರಿಯನ್ನು B2 ರಲ್ಲಿ ಹಾಕಿ.